ಒಬ್ಬರಿಗೆ ಸಾಲುವ ಎಂಜಿನ್

ಹಾರ್ನ್ ಮೂರು ಸಲ ಹೊಡೆದರೆ ನಾನು ಹೊರಡಬೇಕೆಂದು ಅರ್ಥ. ಎರಡು ವರ್ಷ ಹಾಗೇ ನಡೆಯಿತು. ನಾನು ಯಾರದೋ ಮನೆಯ ಜಗಲಿಯಲ್ಲಿ ಕೂಸಿಗೆ ಲಸಿಕೆ ಹಾಕುತ್ತಿದ್ದರೆ, ಹೊರಗೆ ಬೈಕಿನ ಮೇಲೆ ಕೂತ ನನ್ನ ಗಂಡ ಪೀಂ, ಪೀಂ, ಪೀಂ. "ಬಾ ಬಾ, ಹೊತ್ತಾಯ್ತು!"

"ಪುಣ್ಯವಂತೆ ಕಣ್ರೀ ನೀವು ನರ್ಸಮ್ಮ, ಎಂಥ ಕಾಳಜಿ!" ಎನ್ನುತ್ತಿದ್ದರು ತಾಯಂದಿರು. ಹೌದು ತಾಯಿ, ಉಸಿರು ಕಟ್ಟುವಷ್ಟು ಕಾಳಜಿ. ಯಾವಳೋ ಒಬ್ಬಳು ತನ್ನ ಹೊಟ್ಟೆನೋವನ್ನು ಗುಟ್ಟಾಗಿ ಹೇಳಿಕೊಳ್ಳಲು ಬಾಯಿ ತೆರೆಯುವಷ್ಟರಲ್ಲಿ ಹಾರ್ನ್. ಅವಳು ಬಾಯಿ ಮುಚ್ಚಿಕೊಳ್ಳುತ್ತಿದ್ದಳು. ದಾರಿಯುದ್ದಕ್ಕೂ ನನಗೆ ವಿಚಾರಣೆ: ಅವಳೇನಂದಳು, ಅವಳ ಗಂಡ ಮನೇಲಿದ್ನಾ, ಅಷ್ಟೊತ್ತು ಏನ್ಮಾಡ್ದೆ. ಇವರ ಜೆರಾಕ್ಸ್ ಅಂಗಡಿಯ ಶಟರ್ ನನ್ನ ಡ್ಯೂಟಿ ಮುಗಿದ ಮೇಲೇ ಏಳುತ್ತಿತ್ತು.

ಆ ಬೈಕು ಭಾವನದು, ನೂರೈವತ್ತು ಸಿಸಿಯದು. ಅವರಿಗೆ ವರ್ಗವಾಯಿತು, ಬೈಕನ್ನೂ ಒಯ್ದರು. ನನ್ನ ಡ್ಯೂಟಿಯ ಮೇಲಿನ ಹಳ್ಳಿಗೆ ಜಲ್ಲಿಯ ಏರುದಾರಿ, ಬಸ್ಸಿಲ್ಲ. ನನ್ನ ಸಂಬಳದಲ್ಲಿ, ನನ್ನ ಹೆಸರಲ್ಲಿ ಒಂದು ಬೈಕು ತಗೊಳ್ಳಲೇಬೇಕಾಯಿತು. ಹಾಸ್ಟೆಲಿನ ದಿನಗಳಲ್ಲೇ ಮಾಡಿಸಿದ ಲೈಸೆನ್ಸು ಬೀರುವಿನಲ್ಲಿ ಸೀರೆಗಳ ಕೆಳಗಿತ್ತು. ಅದನ್ನು ತೆಗೆದು ಒರೆಸಿಟ್ಟೆ. ನಾನೇ ಓಡಿಸಬೇಕು, ಒಬ್ಬಳೇ ಹೋಗಬೇಕು. ನನಗೆ ಬೇಕಾಗಿದ್ದು ಅಷ್ಟೇ.

"ಮುನ್ನೂರೈವತ್ತರದೇ ತಗೊಳ್ಳೋಣ," ಎಂದರು ಇವರು. "ಗಟ್ಟಿ ಗಾಡಿ, ಏರು ಲೆಕ್ಕಕ್ಕೇ ಇಲ್ಲ."

"ಅದು ಕುಡಿಯೋ ಪೆಟ್ರೋಲು ನಿಮ್ಮಪ್ಪ ಹಾಕಿಸ್ತಾನಾ? ನೂರು ಸಾಕು," ಎಂದರು ಮಾವ. ತಾವೇ ಆ ಅಪ್ಪ ಎನ್ನುವುದು ಆಮೇಲೆ ಹೊಳೆದು, ಪೇಪರಿನಲ್ಲಿ ಮುಖ ಮುಚ್ಚಿಕೊಂಡರು.

ಮೇಸ್ತ್ರಿಯ ಗ್ಯಾರೇಜಿನಲ್ಲಿ ಮೂರೂ ಬಗೆಯ ಹಳೆಯ ಬೈಕುಗಳಿದ್ದವು. ಮುನ್ನೂರೈವತ್ತರ ಮೇಲೆ ಕೂತೆ. ತುದಿಗಾಲಷ್ಟೇ ನೆಲಕ್ಕೆ ತಾಗಿತು.

"ನೂರತೊಂಬತ್ತು ಕೇಜಿ ಇದೆ, ಅಕ್ಕ," ಎಂದ ಮೇಸ್ತ್ರಿ. "ಎಳೆಯೋ ಶಕ್ತಿ ಜೋರು, ಟಾರ್ ರಸ್ತೆಗೆ ರಾಜ. ಆದ್ರೆ ಜಲ್ಲಿ ಮೇಲೆ ವಾಲಿದ್ರೆ ಎತ್ತೋಕೆ ಇನ್ನೊಬ್ರು ಬೇಕು."

"ನಾನಿರ್ತೀನಲ್ಲ!" ಎಂದರು ಇವರು, ಸಂತೋಷದಿಂದ. ಆ ಗಾಡಿ ಬಂದರೆ ಹ್ಯಾಂಡಲ್ ಇವರದೇ. ನನ್ನ ಜಾಗ ಮತ್ತೆ ಹಿಂದೆ, ಲಸಿಕೆ ಪೆಟ್ಟಿಗೆ ತೊಡೆಯ ಮೇಲೆ.

"ಅಷ್ಟು ಭಾರ ನನ್ನ ಕೈಲಾಗಲ್ಲ," ಎಂದೆ. ಅವರು ಕೂಡಲೇ ನೂರೈವತ್ತಕ್ಕೆ ಇಳಿದರು. "ಸರಿ, ನೀನೇ ಓಡ್ಸು. ನಾನು ಹಿಂದೆ ಕೂತ್ಕೋತೀನಿ. ಭಾವನ ಬೈಕು ಇಬ್ರನ್ನೂ ಹತ್ತಿಸ್ತಿರ್ಲಿಲ್ವಾ? ನೂರಂತೂ ಆ ಏರಲ್ಲಿ ಸಾಯುತ್ತೆ, ಬೇಕಾದ್ರೆ ತೋರಿಸ್ತೀನಿ."

ತೋರಿಸಲು ಹೊರಟೇಬಿಟ್ಟರು. ನೂರರ ಬೈಕಿನ ಟ್ಯಾಂಕಿನ ಮೇಲೆ ಲಸಿಕೆ ಪೆಟ್ಟಿಗೆ ಕಟ್ಟಿದೆವು. ನಾನು ಮುಂದೆ, ತೊಂಬತ್ತು ಕೇಜಿಯ ಯಜಮಾನರು ಹಿಂದೆ. ಮೇಸ್ತ್ರಿ ತನ್ನ ಗಾಡಿಯಲ್ಲಿ ಜೊತೆಗೆ ಬಂದ. ಸಮತಟ್ಟಿನಲ್ಲಿ ಚೆನ್ನಾಗಿಯೇ ಓಡಿತು. ಏರು ಶುರುವಾದಾಗ ಎರಡನೇ ಗೇರಿಗಿಳಿಸಿದೆ, ಆಮೇಲೆ ಒಂದನೆಯದಕ್ಕೆ. ಜಲ್ಲಿ ಎದ್ದ ತಿರುವಿನಲ್ಲಿ ಎಂಜಿನ್ ಗೊರಗೊರ ಎಂದಿತು. ಕ್ಲಚ್ ಅರ್ಧ ಹಿಡಿದು ಹತ್ತಿಸಲು ನೋಡಿದೆ, ಸುಟ್ಟ ವಾಸನೆ ಬಂತು, ಬೈಕು ಆಫ್ ಆಯಿತು.

"ನಾನು ಹೇಳ್ಲಿಲ್ವಾ!" ಎಂದರು ಕಿವಿಯ ಹತ್ತಿರವೇ. ನನಗೆ ಅಳುವೇ ಬಂತು.

ಮೇಸ್ತ್ರಿ ತನ್ನ ಗಾಡಿ ನಿಲ್ಲಿಸಿ ಬಂದ. "ಕ್ಲಚ್ ಸ್ವಲ್ಪ ಆರಲಿ. ಅಣ್ಣ, ನೀವು ಇಳೀರಿ. ಅಕ್ಕ, ಹಿಂದಿನ ಬ್ರೇಕ್ ಒತ್ತಿ ಹಿಡ್ಕೊಂಡು, ರೇಸ್ ಕೊಟ್ಟು, ಕ್ಲಚ್ ನಿಧಾನ ಬಿಡಿ. ಬೈಕು ಎಳೆಯೋಕೆ ಶುರುವಾದ್ಮೇಲೆ ಬ್ರೇಕ್ ತೆಗೀರಿ."

ಇವರು ಇಳಿದರು. ಹಿಂದಿನ ಸ್ಪ್ರಿಂಗುಗಳು ಮೇಲೆದ್ದವು, ನಾನೂ ಒಂದಿಷ್ಟು ಮೇಲೆದ್ದೆ. ಬ್ರೇಕ್ ಬಿಟ್ಟೆ. ಜಲ್ಲಿ ಚರಚರ ಎಂದಿತು, ಚಕ್ರ ಹಿಡಿಯಿತು. ಆಮೆಯ ಹಾಗೆ ಒಂದನೇ ಗೇರಿನಲ್ಲೇ ಹತ್ತಿದೆ, ಎಲ್ಲೂ ನಿಲ್ಲದೆ. ನಾವು ಏರನ್ನು ಅಳೆಯುವಾಗೆಲ್ಲ ಇವರ ತೂಕವನ್ನೂ ಸೇರಿಸಿಯೇ ಅಳೆಯುತ್ತಿದ್ದೆವು! ಇಬ್ಬರೂ ಹೋಗುವುದು ಮೊದಲೇ ತೀರ್ಮಾನವಾಗಿಹೋದ ವಿಷಯ ಎಂಬಂತೆ. ಎಂಥ ದಡ್ಡಿ ನಾನು.

ತುದಿಯಲ್ಲಿ ಬೈಕು ನಿಲ್ಲಿಸಿ, ಎಷ್ಟೋ ಹೊತ್ತು ಸುಮ್ಮನೆ ನಿಂತೆ. ಯಾರೂ ಕರೆಯಲಿಲ್ಲ. ಇಳಿಯುವಾಗ ಗೇರು ಒಂದರಲ್ಲೇ ಇಟ್ಟೆ. ಎಂಜಿನ್ನೇ ಬೈಕನ್ನು ಹಿಡಿದುಕೊಂಡಿತು, ಬ್ರೇಕಿಗೆ ಹೆಚ್ಚು ಕೆಲಸವೇ ಬೀಳಲಿಲ್ಲ. ತಿರುವಿನಲ್ಲಿ ಇವರ ಮುಂದೆ ನಿಲ್ಲಿಸಿದೆ.

"ಇದೇ ಇರಲಿ," ಎಂದೆ.

"ತಲೆ ಕೆಟ್ಟಿದೆಯಾ? ನಾನು ಹೆಂಗೆ ಬರೋದು?"

"ಬರೋಕಾಗಲ್ಲ ರೀ. ಗಾಡಿ ಎಳೆಯಲ್ಲ. ನೀವೇ ತೋರಿಸಿದ್ರಲ್ಲ."

ಇವರು ಮೇಸ್ತ್ರಿಯ ಮುಖ ನೋಡಿದರು. ಅವನು ತನ್ನ ಗಾಡಿಯ ಚೈನ್ ನೋಡುತ್ತಾ ಕೂತ. "ನೂರೈವತ್ತು ತಗೊಂಡ್ರೆ ತೊಂದ್ರೆನೇ ಇಲ್ಲ ಅಲ್ವೇನಪ್ಪಾ?" ಎಂದು ಇವರು ಕೇಳಿದರು.

"ಇಬ್ರಿಗಾದ್ರೆ ನೂರೈವತ್ತೇ ಸರಿ, ಅಣ್ಣ," ಎಂದ ಅವನು. "ಅಕ್ಕ ಒಬ್ರಿಗೆ ಇದು ಸಾಕು."

ಇವರು ರಸ್ತೆಬದಿಯ ಕಲ್ಲಿನ ಮೇಲೆ ಕೂತು ವಾದ ಶುರುಮಾಡಿದರು. ಕಾಡುದಾರಿ, ಪಂಕ್ಚರು, ಜನ ಏನಂತಾರೆ. ನಾನು ಪೆಟ್ಟಿಗೆಯ ಹಗ್ಗ ಬಿಗಿ ಮಾಡಿದೆ. ಮನೆಗೆ ಹೊರಡಲು ಬೈಕು ಸ್ಟಾರ್ಟ್ ಮಾಡಿದೆ. ಇನ್ನು ಮುಂದೆ ಇಳಿಜಾರು, ಆಮೇಲೆ ಸಮತಟ್ಟು, ಅಲ್ಲಿ ಈ ಬೈಕು ಇಬ್ಬರನ್ನೂ ಎಳೆಯುತ್ತಿತ್ತು. ಇವರ ಮಾತು ಮುಗಿಯುವ ಹಾಗೆ ಕಾಣಲಿಲ್ಲ.

ಪೀಂ, ಪೀಂ, ಪೀಂ.

"ಬನ್ನಿ ಬನ್ನಿ," ಎಂದೆ, "ಹೊತ್ತಾಯ್ತು."