ಬೆಚ್ಚಗಿಟ್ಟ ಹುದ್ದೆ

ಹೆಬ್ಬಾಳದ ಆ ಕಂಪನಿ ಜನರನ್ನು ಕೆಲಸದಿಂದ ತೆಗೆಯುತ್ತಿದೆ ಎಂದು ಬೆಳಗಿನ ಪತ್ರಿಕೆಯಲ್ಲಿ ಬಂದಿತ್ತು. ಅಲ್ಲಿಯ ಅಕೌಂಟ್ಸ್ ಹುದ್ದೆಗೆ ಅಕ್ಷತಾಳ ಇಂಟರ್‌ವ್ಯೂಗಳೆಲ್ಲ ಮುಗಿದಿದ್ದವು. ‘ಸೆಲೆಕ್ಟ್ ಆಗಿದ್ದೀರಿ, ಆಫರ್ ಲೆಟರ್ ಬರುತ್ತೆ, ಈಗಿರೋ ಕಡೆ ರಾಜೀನಾಮೆ ಹಾಕಿ’ ಎಂದಿದ್ದ ನೇಮಕಾತಿ ವಿಭಾಗದ ವಿಜಯ್‌ಕುಮಾರ್‌ಗೆ ಅವಳು ಜಯಲಕ್ಷ್ಮಿಪುರಂನ ತನ್ನ ಆಡಿಟರ್ ಕಚೇರಿಯ ಮೆಟ್ಟಿಲ ಮೇಲೆ ನಿಂತು ಫೋನ್ ಮಾಡಿದಳು.

“ಸರ್, ಪೇಪರ್ ನೋಡಿದೆ. ನನ್ನ ಹುದ್ದೆ ಇನ್ನೂ ಇದೆಯಾ?”

“ಪೇಪರ್‌ನವರು ಏನೇನೋ ಬರೀತಾರೆ ಮೇಡಂ. ಪೊಸಿಷನ್ ಓಪನ್ ಇದೆ.”

“ಓಪನ್ ಇರೋದು ಬೇರೆ, ಮಂಜೂರಾತಿ ಇರೋದು ಬೇರೆ ಅಲ್ವಾ? ನನ್ನ ಇಂಟರ್‌ವ್ಯೂ ಮಾಡಿದ ಸುಚಿತ್ರಾ ಮೇಡಂ ಈಗಲೂ ಆ ಟೀಮಲ್ಲೇ ಇದ್ದಾರಾ?”

“ಅವರು... ಈಗ ಇಲ್ಲ.”

“ಹಂಗಾದ್ರೆ ಹುದ್ದೆ ಖಾತ್ರಿ ಇದೆ ಅಂತ ಒಂದು ಮೇಲ್ ಹಾಕಿ.”

“ಆಫರ್ ಲೆಟರ್‌ಗೆ ಮುಂಚೆ ನಾವು ಹಂಗೆ ಬರೆದು ಕೊಡಲ್ಲ ಮೇಡಂ.”

“ರಾಜೀನಾಮೆ ಮಾತ್ರ ನಾನು ಬರೆದು ಕೊಡ್ಬೇಕು.”

ಅವನು ದನಿ ತಗ್ಗಿಸಿದ. “ನೋಡಿ, ಎಲ್ಲಾ ಹುದ್ದೆಗೂ ಮೇಲಿನವರು ಮತ್ತೆ ಒಪ್ಪಿಗೆ ಕೊಡ್ಬೇಕಂತೆ. ಅಲ್ಲೀವರೆಗೂ ಸೆಲೆಕ್ಟ್ ಆದವರನ್ನ ಇಲ್ಲ ಅನ್ನದೆ ಬೆಚ್ಚಗಿಡಿ ಅಂತ ಹೇಳವ್ರೆ. ರಾಜೀನಾಮೆ ಹಾಕ್ಬೇಡಿ. ನಾನು ಹೇಳ್ದೆ ಅನ್ಬೇಡಿ.”

“ಬೆಚ್ಚಗಿಡೋಕೆ ನಾವೇನು ಉಪ್ಪಿಟ್ಟೇನ್ರೀ?”

ಅವನು ನಗಲಿಲ್ಲ. ಅವಳಿಗೂ ನಗು ಬರಲಿಲ್ಲ, ಅಳುವೂ ಬರಲಿಲ್ಲ. ಅವಳು ರಾಜೀನಾಮೆ ಕಾಗದ ಕೊಟ್ಟಿರಲಿಲ್ಲ, ನಿಜ. ಆದರೆ ಅವಳ ಕಚೇರಿಯಲ್ಲಿ ಕಾಗದಕ್ಕೆ ಮುಂಚೆ ಬಾಯಲ್ಲಿ ಹೇಳುವುದು ಮರ್ಯಾದೆ. ಹೋದ ವಾರವೇ ಆಡಿಟರ್ ಏಕಾಂತಯ್ಯನವರಿಗೆ ಕೆಲಸ ಬಿಡುವುದಾಗಿ ಹೇಳಿಬಿಟ್ಟಿದ್ದಳು. ಅವರು ಆಶೀರ್ವದಿಸಿ, ಅವಳ ಕುರ್ಚಿಗೆ ನಜರ್‌ಬಾದ್‌ನ ಲಾಸ್ಯ ಎಂಬ ಹುಡುಗಿಯನ್ನು ಆರಿಸಿಕೊಂಡಿದ್ದರು.

ಒಳಗೆ ಹೋಗಿ ಎಲ್ಲವನ್ನೂ ಹೇಳಿದಳು.

“ಇರು ಕಣಮ್ಮ, ನಿನ್ನ ಕುರ್ಚಿ ಎಲ್ಲಿ ಹೋಗುತ್ತೆ?” ಎಂದರು ಏಕಾಂತಯ್ಯ. “ಆ ಹುಡುಗಿಗೆ ನೀನೇ ಒಂದು ಮಾತು ಹೇಳ್ಬುಡು. ಇಲ್ಲ ಅಂತ ಮಾತ್ರ ಅನ್ಬೇಡ. ಸ್ವಲ್ಪ ತಡ ಆಗುತ್ತೆ ಅನ್ನು. ನೀನು ಮತ್ತೆ ಹೊರಟರೆ ಬೇಕಾಗ್ತಾಳೆ.”

ಕಂಪನಿ ದೊಡ್ಡದಿರಲಿ, ಕಚೇರಿ ಸಣ್ಣದಿರಲಿ, ಒಲೆ ಒಂದೇ. ಅದರ ಮೇಲೆ ಕೂತವರು ತಾವು ಬೇಯುತ್ತಿರುವುದು ಗೊತ್ತಾಗದೆ ಕಾಯುತ್ತಿರಬೇಕು. ಅಕ್ಷತಾ ತನ್ನ ಕುರ್ಚಿಯಲ್ಲಿ ಕೂತಳು. ಫೋನ್ ಹಚ್ಚಿದಳು.

“ಹೇಳಿ ಅಕ್ಕ!” ಲಾಸ್ಯಳ ದನಿ. “ಯಾವತ್ತಿಂದ ಬರ್ಲಿ?”

ಏಕಾಂತಯ್ಯ ಎದುರಿನ ಮೇಜಿನಿಂದ ನೋಡುತ್ತಿದ್ದರು.

“ಲಾಸ್ಯ, ಈ ಕೆಲಸ ಇಲ್ಲ ಕಣಮ್ಮ. ತಡ ಅಲ್ಲ, ಇಲ್ಲ. ನಾನು ಇಲ್ಲೇ ಉಳ್ಕೋತಿದೀನಿ. ನೀನು ಈಗಿರೋ ಕೆಲಸ ಬಿಡ್ಬೇಡ.”

ಆ ಕಡೆ ಯಾವುದೋ ಬಸ್ಸು ಹಾರ್ನ್ ಹೊಡೆದು ಹೋಯಿತು.

“ನೆನ್ನೆ ಬಿಟ್ಬುಟ್ಟೆ ಅಕ್ಕ.”