ಖಾಲಿ ಬಟ್ಟಲಿನ ತೂಕ

ಬೆಳಿಗ್ಗೆ ನನ್ನ ಮೇಜಿನ ಮೇಲೆ ರಿಪೋರ್ಟು ಸಹಿಗಾಗಿ ಕಾಯುತ್ತಿತ್ತು. ಅಂಕಿ ನಾನು ಬರೆದದ್ದೇ: ನೀರಿನಲ್ಲಿ ತೇಲುವ ಕಸ ಲೀಟರಿಗೆ 108 ಮಿಲಿಗ್ರಾಂ. ಮಿತಿ 100. ಆದರೆ ಅದರ ಮುಂದಿನ ಅನಿಶ್ಚಿತತೆ, ಅಂದರೆ ಅಳತೆ ಎಷ್ಟು ಆಚೀಚೆ ಇರಬಹುದು ಎಂಬ ಅಂಕಿ, ನನ್ನದಲ್ಲ. ನಾನು ಕೂಡು-ಕಳೆ 3 ಎಂದು ಬರೆದಿದ್ದೆ. ಅಲ್ಲಿ 12 ಎಂದಿತ್ತು. ಕೊನೆಯ ಸಾಲಿನಲ್ಲಿ, ‘ಮಿತಿ ಮೀರಿದೆ ಎಂದು ಖಚಿತವಾಗಿ ಹೇಳಲಾಗುವುದಿಲ್ಲ.’

ನಮ್ಮ ಲ್ಯಾಬು ರಾಮನಗರದಲ್ಲಿ, ಮಾಗಡಿ ರಸ್ತೆಗೆ ಮುಖ ಮಾಡಿದ ನೆಲಮಹಡಿ. ನೀರು, ಮಣ್ಣು, ಹಾಲು, ಏನು ತಂದರೂ ಪರೀಕ್ಷೆ ಮಾಡಿಕೊಡುತ್ತೇವೆ. ತೂಕದ ಪರೀಕ್ಷೆಗಳಿಗೆ ಸಹಿ ಹಾಕುವ ಅಧಿಕಾರ ಇಲ್ಲಿ ಒಬ್ಬಳಿಗೇ ಇದೆ, ಅದು ನಾನು. ಈ ನೀರನ್ನು ತಂದವರು ಕೂಟಗಲ್ ಕಡೆಯ ಪಂಚಾಯಿತಿ ಸದಸ್ಯ ಬೈರಪ್ಪನವರು. ಊರ ಪಕ್ಕದ ಬಣ್ಣ ಹಾಕುವ ಕಾರ್ಖಾನೆ ಹಳ್ಳಕ್ಕೆ ಬಿಡುತ್ತಿದ್ದ ನೀರನ್ನು ಎಲ್ಲರೆದುರು ಕ್ಯಾನಿಗೆ ಹಿಡಿದು, ಮೊಹರು ಹಾಕಿ, ಐಸಿನ ಪೆಟ್ಟಿಗೆಯಲ್ಲಿಟ್ಟು ತಂದಿದ್ದರು. ನೀರನ್ನು ಕಾಗದದಲ್ಲಿ ಸೋಸಿ, ಆ ಕಾಗದವನ್ನು ಪುಟ್ಟ ಬಟ್ಟಲಿನಲ್ಲಿಟ್ಟು ಒಣಗಿಸಿ, ಮೊದಲಿಗಿಂತ ಎಷ್ಟು ತೂಕ ಹೆಚ್ಚಿತು ಎಂದು ನೋಡುವುದು ಈ ಪರೀಕ್ಷೆ. ಮಿತಿ ಮೀರಿದೆ ಎಂದು ರಿಪೋರ್ಟು ಹೇಳಿದರೆ ಮಾತ್ರ ಅವರ ದೂರು ಮುಂದೆ ಹೋಗುತ್ತದೆ. ಅಳೆದ ಅಂಕಿಯಿಂದ ಅನಿಶ್ಚಿತತೆಯನ್ನು ಕಳೆದ ಮೇಲೂ ಮಿತಿಗಿಂತ ಹೆಚ್ಚಿದ್ದರೆ ‘ಮೀರಿದೆ’ ಎಂದು ಬರೆಯುವುದು. ಈ ನಿಯಮವನ್ನು ಮೊದಲೇ ಅವರಿಗೆ ಹೇಳಿ ಸಹಿ ತೆಗೆದುಕೊಂಡಿದ್ದೆವು. 108ರಲ್ಲಿ 3 ಹೋದರೆ 105. 12 ಹೋದರೆ 96. ಅಷ್ಟೇ ವ್ಯತ್ಯಾಸ. ಒಂದು ಊರಿನ ಹಳ್ಳ ಆ ವ್ಯತ್ಯಾಸದೊಳಗೆ ಕೂತಿತ್ತು.

ನಿನ್ನೆ ಮಧ್ಯಾಹ್ನ ಕಾರ್ಖಾನೆಯ ಮ್ಯಾನೇಜರು ಮನೋಹರ್ ನಮ್ಮ ಲ್ಯಾಬಿನ ಮುಖ್ಯಸ್ಥ ಅಶೋಕ್ ಸರ್ ರೂಮಿನಲ್ಲಿ ಕಾಫಿ ಕುಡಿಯುತ್ತಿದ್ದುದನ್ನು ನಾನು ನೋಡಿದ್ದೆ. ನಾನು ಎಲ್ಲವನ್ನೂ ನೋಡುವವಳು. ತೂಗುವ ಬ್ಯಾಲೆನ್ಸಿನ ಗಾಜಿನ ಬಾಗಿಲು ಹಾಕಿದ್ದೇನೆಯೇ ಎಂದು ಮೂರು ಸಲ ತಿರುಗಿ ನೋಡುವ ಸ್ವಭಾವ ನನ್ನದು. ಹಾಗೆ ನೋಡಿದ್ದನ್ನು ನುಂಗಿಕೊಳ್ಳುವುದೂ ನನ್ನ ಸ್ವಭಾವವೇ. ಈ ಸಲ ನುಂಗಲು ಆಗಲಿಲ್ಲ.

ಹಾಳೆ ಹಿಡಿದು ಹೋದೆ. “ಸರ್, ಇದು ಹನ್ನೆರಡು ಹೇಗಾಯ್ತು?”

“ನೀವು ಮರೆತಿದ್ದನ್ನ ನಾನು ಸೇರಿಸಿದೆ,” ಅಂದರು ಅಶೋಕ್ ಸರ್, ನಗುತ್ತಲೇ. “ಬ್ಯಾಲೆನ್ಸ್ ಸರ್ಟಿಫಿಕೇಟ್ ಓದಿ. ತಟ್ಟೆಯ ಮೂಲೆಯಲ್ಲಿಟ್ಟರೆ 0.4 ಮಿಲಿಗ್ರಾಂ ತಪ್ಪು ತೋರಿಸ್ತದೆ. ಗಾಳಿ ವಸ್ತುವನ್ನ ಎತ್ತಿಹಿಡೀತದಲ್ಲ, ಅದು 0.5. ಮತ್ತೆ ಮತ್ತೆ ತೂಗಿದರೆ ಆಗೋ ಆಚೀಚೆ, ರಿಪೀಟೆಬಿಲಿಟಿ, ಅದಕ್ಕೆ ನೀವು ಲೆಕ್ಕ ಹಾಕಿದ್ದು 0.25. ಕೂಡಿ. 1.15 ಮಿಲಿಗ್ರಾಂ. ನೂರು ಮಿಲಿಲೀಟರ್ ಸೋಸಿದ್ದೀರಿ, ಹತ್ತರಿಂದ ಗುಣಿಸಿ. ಹನ್ನೊಂದೂವರೆ, ಅಂದ್ರೆ ಹನ್ನೆರಡು. ಎಲ್ಲಾ ಪುಸ್ತಕದಲ್ಲಿರೋದೇ.”

ಮೂರೂ ಹೆಸರುಗಳು ಪುಸ್ತಕದಲ್ಲಿವೆ ಎಂಬುದು ನಿಜ. ನನ್ನ ಸಿಟ್ಟು ಏರಿದ್ದೇ ಅಲ್ಲಿ. ಪೂರ್ತಿ ಸುಳ್ಳಾಗಿದ್ದರೆ ಬಾಯಿಬಿಟ್ಟು ಸುಳ್ಳು ಎನ್ನಬಹುದಿತ್ತು. ಅನಿಶ್ಚಿತತೆ ಎಂಬುದು ನಮಗೆ ಎಷ್ಟು ಗೊತ್ತಿಲ್ಲ ಎಂದು ಮುಚ್ಚುಮರೆಯಿಲ್ಲದೆ ಒಪ್ಪಿಕೊಳ್ಳಲು ಇರುವ ಜಾಗ. ಅದನ್ನೇ ಉಬ್ಬಿಸಿ ಕಾರ್ಖಾನೆಗೆ ಅಡಗಿಕೊಳ್ಳಲು ಕೊಟ್ಟಿದ್ದರು.

“0.4 ಬಂದದ್ದು ನೂರು ಗ್ರಾಂ ತೂಕದ ಬಟ್ಟನ್ನ ಮೂಲೆಗಿಟ್ಟಾಗ ಸರ್. ನಮ್ಮ ಬಟ್ಟಲು ಸೋಸುಕಾಗದ ಸೇರಿ 1.6 ಗ್ರಾಂ. ಭಾರ ಕಮ್ಮಿಯಾದಷ್ಟು ಮೂಲೆಯ ತಪ್ಪೂ ಕಮ್ಮಿ. ಅರವತ್ತರಲ್ಲಿ ಒಂದು ಭಾಗ. ಅದೂ ಬಟ್ಟಲನ್ನ ಮೂಲೆಯಲ್ಲಿಟ್ಟರೆ.”

“ನೀವು ನಡುವೇನೇ ಇಟ್ರಿ ಅಂತ ಏನು ಗ್ಯಾರಂಟಿ?”

“ಇನ್ನು ಗಾಳಿ. ಕಾಗದ, ಬಟ್ಟಲು ಎರಡನ್ನೂ ಗಾಳಿ ಸುಮಾರು ಅರ್ಧ ಮಿಲಿಗ್ರಾಂ ಹಗುರ ಮಾಡ್ತದೆ, ಒಪ್ತೀನಿ. ಆದ್ರೆ ಸೋಸೋ ಮೊದಲೂ ಮಾಡಿದೆ, ಸೋಸಿದ ಮೇಲೂ ಮಾಡಿದೆ. ನಾವು ಒಂದರಿಂದ ಇನ್ನೊಂದನ್ನ ಕಳೀತೀವಿ, ಗಾಳಿಯ ಪಾಲೂ ಹೋಗಿಬಿಡ್ತದೆ.”

ಅಶೋಕ್ ಸರ್ ಕುರ್ಚಿಯನ್ನು ಹಿಂದಕ್ಕೆ ಸರಿಸಿದರು. ನಗು ಹೋಗಿತ್ತು, ಬಹುವಚನವೂ ಹೋಯಿತು.

“ಸುಚಿತ್ರಾ, ಒಂದು ಹೇಳು. ನಿನ್ನ ರಿಪೀಟೆಬಿಲಿಟಿ ಎಲ್ಲಿಂದ ಬಂತು? ಸರ್ಟಿಫಿಕೇಟಿಂದ ತಾನೆ? ಅದನ್ನ ಮಾಡಿದಾಗ ಬ್ಯಾಲೆನ್ಸು ಒಳಗಿನ ರೂಮಲ್ಲಿತ್ತು. ಈಗ ರಸ್ತೆ ಪಕ್ಕ ಐತೆ. ಕಲ್ಲಿನ ಲಾರಿ ಹೋದ್ರೆ ಮೇಜು ನಡುಗ್ತದೆ. ನೀನು ಬರೆದ ಕೂಡು-ಕಳೆ ಮೂರೂ ತಪ್ಪೇ.”

ಅವರು ಹೇಳಿದ್ದು ಸರಿ. ದೀಪಾವಳಿಯ ಹೊತ್ತಿಗೆ ಎಸಿ ಕೆಟ್ಟು ಬ್ಯಾಲೆನ್ಸನ್ನು ಹೊರಗಿನ ರೂಮಿಗೆ ತಂದಾಗ ನಾನೇ ನೂರು ಗ್ರಾಂ ಬಟ್ಟಿಟ್ಟು ಅಂಕಿ ಸರಿಯಿದೆಯೆಂದು ನೋಡಿದ್ದೆ. ಆದರೆ ಒಂದೇ ವಸ್ತುವನ್ನು ಹತ್ತು ಸಲ ಇಟ್ಟು ತೆಗೆದು, ಎಷ್ಟು ಅಲ್ಲಾಡುತ್ತದೆ ಎಂದು ನೋಡಿರಲಿಲ್ಲ. ಸರ್ಟಿಫಿಕೇಟಿನ ಹಳೆಯ 0.08 ಅನ್ನೇ ಬರೆದುಕೊಂಡು ಬರುತ್ತಿದ್ದೆ, ಆ 0.25 ಹುಟ್ಟಿದ್ದೂ ಅದರಿಂದಲೇ. ಬಾಗಿಲು ಮೂರು ಸಲ ನೋಡುವವಳು ಇದನ್ನು ನೋಡಿರಲಿಲ್ಲ.

“ಈಗಲೇ ಮಾಡ್ತೀನಿ,” ಅಂದೆ. “ಲಾರಿ ಓಡಾಡೋ ಹೊತ್ತೇ ಇದು. ಬಂದದ್ದನ್ನ ಬರೀತೀನಿ, ಜಾಸ್ತಿ ಬಂದ್ರೂ. ನೀವೂ ಬಂದು ನಿಂತ್ಕೊಳ್ಳಿ ಸರ್.”

ಹೊರಗೆ ಬೆಂಚಿನಲ್ಲಿ ಬೈರಪ್ಪನವರು ಆಗಲೇ ಬಂದು ಕೂತಿದ್ದರು, ಮಡಿಲಲ್ಲಿ ಬಟ್ಟೆಯ ಚೀಲ. “ಏನ್ ಮೇಡಮ್ಮೋರೆ, ರಿಪೋಲ್ಟು ಆಯ್ತಾ? ನಮ್ ಬೋರಮ್ಮನ ಹಸ ಆ ನೀರಿಗೆ ಮೂತಿನೇ ಇಕ್ಕಾಕಿಲ್ಲ. ಹಸಕ್ಕೆ ಗೊತ್ತಾಗಿದ್ದು ನಿಮ್ ಮಿಸನ್ನಿಗೆ ಇನ್ನೂ ಗೊತ್ತಾಗಿಲ್ವ?”

“ಒಂದರ್ಧ ಗಂಟೆ ಇರಿ ಬೈರಪ್ಪನೋರೆ. ಒಳಗೇ ಬನ್ನಿ, ನಿಮ್ಮದೇ ನೀರಿನ ಲೆಕ್ಕ.”

ಅಶೋಕ್ ಸರ್ ಹುಬ್ಬು ಗಂಟಿಕ್ಕಿದರು. ಪರೀಕ್ಷೆಗೆ ಕೊಟ್ಟವರು ಕೇಳಿದರೆ ತೋರಿಸಬೇಕು ಎಂಬುದೂ ನಮ್ಮ ನಿಯಮದಲ್ಲಿದೆ. ಅವರೂ ನಮ್ಮ ಹಿಂದೆ ಬಂದರು.

ನನ್ನ ಜೊತೆ ಕೆಲಸ ಮಾಡುವ ರಾಧಾಮಣಿ ತೇವ ತಾಗದಂತೆ ಇಡುವ ಡೆಸಿಕೇಟರಿನಿಂದ ಖಾಲಿ ಬಟ್ಟಲನ್ನು ಚಿಮಟದಲ್ಲಿ ಎತ್ತಿ ತಂದಳು. ಪ್ರತಿ ಸಲವೂ ನಾನು ಒಂದು ಹೆಚ್ಚಿನ ಬಟ್ಟಲು ಇಡುತ್ತೇನೆ. ಅದರ ಕಾಗದದಲ್ಲಿ ಶುದ್ಧ ನೀರನ್ನು ಸೋಸಿ, ಉಳಿದವುಗಳ ಜೊತೆಗೇ ಒಣಗಿಸಿ, ಜೊತೆಗೇ ತೂಗುತ್ತೇನೆ. ‘ಅಕ್ಕನ ಉಪವಾಸದ ಬಟ್ಟಲು’ ಎಂದು ರಾಧಾಮಣಿ ಗೇಲಿ ಮಾಡುವಳು. ಒಂದು ಕಾಗದ ದಂಡ ಎಂದು ಅಶೋಕ್ ಸರ್ ಎರಡು ಸಲ ಗದರಿದ್ದರು.

ಬಟ್ಟಲನ್ನು ತಟ್ಟೆಯ ನಡುವೆ ಇಟ್ಟೆ. ಬಾಗಿಲು ಹಾಕಿದೆ. ಅಂಕಿ ನಿಲ್ಲುವವರೆಗೆ ಕಾದು ಓದಿದೆ. ರಾಧಾಮಣಿ ಬರೆದುಕೊಂಡಳು. ತೆಗೆದೆ, ಸೊನ್ನೆ ನೋಡಿದೆ, ಮತ್ತೆ ಇಟ್ಟೆ. ನಾಲ್ಕನೆಯ ಸಲ ಲಾರಿಯೊಂದು ಹೋಯಿತು. ಕೊನೆಯ ಅಂಕಿ ಅಲ್ಲಾಡಿ, ಒಂದರಷ್ಟು ಹೆಚ್ಚಾಗಿ ನಿಂತಿತು. ಅದನ್ನೂ ಬರೆಸಿದೆ.

“ಅದನ್ನ ಬುಟ್ಬುಡಿ ಮೇಡಮ್ಮೋರೆ, ಲಾರಿದು ತಪ್ಪು,” ಅಂದರು ಬೈರಪ್ಪನವರು.

“ಬಿಡಬಾರದು. ನಿಮ್ಮ ನೀರು ತೂಗಿದ ದಿನವೂ ಲಾರಿ ಹೋಗಿರಬಹುದು.”

ಹತ್ತು ಆಯಿತು. ರಾಧಾಮಣಿ ಲೆಕ್ಕ ಹಾಕಿದಳು. 0.08 ಅಲ್ಲ, 0.11.

“ನೋಡಿದ್ಯಾ?” ಅಂದರು ಅಶೋಕ್ ಸರ್.

“ನೋಡಿದೆ. ನನ್ನ ತಪ್ಪು, ತಿದ್ತೀನಿ.” ಹಾಳೆಯಲ್ಲಿ ಹಳೆಯ ಅಂಕಿಗೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಹೊಸದನ್ನು ಬರೆದು, ತಾರೀಕು ಹಾಕಿದೆ. ಕೊನೆಯ ಅಂಕಿಯಾಚೆ ಬ್ಯಾಲೆನ್ಸು ತೋರಿಸದ ಪಾಲನ್ನೂ ಸೇರಿಸಿದೆ. ಎರಡು ಸಲ ತೂಗುವುದರಿಂದ ಆ ಪಾಲುಗಳ ವರ್ಗಗಳನ್ನು ಎರಡು ಸಲ ಕೂಡಿ ವರ್ಗಮೂಲ ತೆಗೆದೆ. ನಿಯಮದಂತೆ ಅದನ್ನು ಎರಡರಿಂದ ಗುಣಿಸಿದರೆ 0.33 ಮಿಲಿಗ್ರಾಂ. ನೀರು ಅಳೆದ ಜಾಡಿಯ ಅನುಮಾನವನ್ನೂ ಸೇರಿಸಿದರೆ ಲೀಟರಿಗೆ ಮೂರೂವರೆಯ ಹತ್ತಿರ. ಮೇಲಕ್ಕೇರಿಸಿ ನಾಲ್ಕು ಎಂದು ಬರೆದೆ.

ಆಮೇಲೆ ಬಟ್ಟಲನ್ನು ತಟ್ಟೆಯ ಮುಂದಿನ ಅಂಚಿಗೆ ಸರಿಸಿದೆ. ಹಿಂದಕ್ಕೆ. ಎಡಕ್ಕೆ. ಬಲಕ್ಕೆ. ನಡುವೆ ಇಟ್ಟಾಗ ಆಡಿದಷ್ಟೇ ಕೊನೆಯ ಅಂಕಿ ಇಲ್ಲೂ ಆಡಿತು, ಹೆಚ್ಚಿಗೆ ಅಲ್ಲ.

“0.4 ಎಲ್ಲಿದೆ ತೋರಿಸಿ ಸರ್.”

ಅವರು ಮಾತು ಬದಲಿಸಿದರು. “ಗಾಳಿ?” ಅಂದರು. “ಒಂದು ದಿನ ಇದ್ದ ಗಾಳಿ ಇನ್ನೊಂದು ದಿನ ಇರಲ್ಲ.”

ಅದಕ್ಕೆ ಉತ್ತರ ರಾಧಾಮಣಿಯ ಕೈಯಲ್ಲೇ ಇತ್ತು. ಅವಳು ಪುಸ್ತಕ ತಿರುವಿ ಹಿಂದಿನ ವಾರದ ಪುಟ ಓದಿದಳು. ಖಾಲಿ ಬಟ್ಟಲು, ಸೋಸುವ ಮೊದಲು 1.6082 ಗ್ರಾಂ. ಒಣಗಿಸಿದ ಮೇಲೆ 1.6081. ಬೈರಪ್ಪನವರ ನೀರಿನ ಬಟ್ಟಲು, ಅದೇ ಎರಡು ದಿನ, 1.6127 ಇದ್ದದ್ದು 1.6235. ಹೆಚ್ಚಿದ್ದು 10.8 ಮಿಲಿಗ್ರಾಂ. ಎರಡನೇ ಪಾಲು ಸೋಸಿದಾಗಲೂ ಒಂದಂಕಿ ಆಚೀಚೆ ಅಷ್ಟೇ.

“ಗಾಳಿ ಅರ್ಧ ಮಿಲಿಗ್ರಾಂ ಆಟ ಆಡಿದ್ರೆ ಈ ಖಾಲಿ ಬಟ್ಟಲಲ್ಲೂ ಆಡಬೇಕಿತ್ತು,” ಅಂದೆ. “ದಿನದಿಂದ ದಿನಕ್ಕೆ ಗಾಳಿ ಬದಲಾಗೋದು ನೂರಕ್ಕೆ ಒಂದೋ ಎರಡೋ. ಅರ್ಧ ಮಿಲಿಗ್ರಾಂನಲ್ಲಿ ಅದರ ಪಾಲು ಎಷ್ಟು? ಈ ಬ್ಯಾಲೆನ್ಸಿನ ಕಣ್ಣಿಗೇ ಬೀಳಲ್ಲ. ನೀವು ಪೂರ್ತಿ ಅರ್ಧವನ್ನೇ ಎತ್ತಿ ಹಾಕಿದ್ದೀರಿ. ಗೊತ್ತಿಲ್ಲದೆ ಹಾಕಿದ್ರೆ ನಾನು ಸುಮ್ಮನಿರ್ತಿದ್ದೆ ಸರ್. ನಿಮಗೆ ಗೊತ್ತು. ನನಗೆ ಇದನ್ನೆಲ್ಲ ಹೇಳಿಕೊಟ್ಟವರೇ ನೀವು.”

ಮುಂದಿನ ತಿಂಗಳು ಕೆಲಸ ಇರುತ್ತದೋ ಇಲ್ಲವೋ ಎಂದು ಒಳಗೊಂದು ಮೂಲೆ ಆಗಲೇ ಯೋಚಿಸುತ್ತಿತ್ತು.

ಅಶೋಕ್ ಸರ್ ಬೈರಪ್ಪನವರ ಕಡೆ ನೋಡದೆ ಹೇಳಿದರು, “ಆ ಕಾರ್ಖಾನೆಯೋರು ತಿಂಗಳಿಗೆ ನಲವತ್ತು ಸ್ಯಾಂಪಲ್ ಕೊಡ್ತಾರೆ. ಈ ಪಂಚಾಯಿತಿ ಕೊಟ್ಟಿದ್ದು ಒಂದು ಕ್ಯಾನು.”

“ಒಂದ್ ಕ್ಯಾನಾ?” ಬೈರಪ್ಪನವರು ಎದ್ದು ನಿಂತರು. “ಹಳ್ಳಾನೇ ತುಂಬ್ಕೊಂಡ್ ಬತ್ತಿದ್ದೆ ಕಣ್ ಸೋಮಿ, ಇಕ್ಕೋಕೆ ನಿಮ್ತಾವ ಜಾಗ ಐತಾ?”

ರಾಧಾಮಣಿಗೆ ನಗು ತಡೆಯಲಾಗಲಿಲ್ಲ. ನನಗೆ ನಗು ಬರಲಿಲ್ಲ.

“ಹನ್ನೆರಡು ಅಂತ ಇರೋ ಹಾಳೆಗೆ ನಾನು ಸಹಿ ಹಾಕಲ್ಲ,” ಅಂದೆ. “ಬೇರೆ ಯಾರಾದ್ರೂ ಹಾಕಿದ್ರೆ, ಅಧಿಕಾರ ಇಲ್ಲದೋರು ಹಾಕಿದ್ದಾರೆ ಅಂತ ಲ್ಯಾಬಿಗೆ ಮಾನ್ಯತೆ ಕೊಟ್ಟೋರಿಗೆ ಬರೆದು ಕಳಿಸ್ತೀನಿ.”

ಅಶೋಕ್ ಸರ್ ಬ್ಯಾಲೆನ್ಸಿನ ಗಾಜಿನ ಬಾಗಿಲನ್ನು ಎಳೆದು ಮುಚ್ಚಿದರು. “ನಾಳೆಯಿಂದ ನೀನು ಮುಂದಿನ ಕೌಂಟರಲ್ಲಿ ಕೂತು ಸ್ಯಾಂಪಲ್ ತಗೋ,” ಅಂದರು. “ಬ್ಯಾಲೆನ್ಸ್ ಮುಟ್ಟೋದು ಬೇಡ.”

“ನಾಳೆಯಿಂದ ತಾನೆ,” ಅಂದೆ. “ಇವತ್ತಿನ ಸಹಿ ಇವತ್ತೇ ಹಾಕ್ತೀನಿ.”

ಅವರು ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡರು. ನಾನು ಹೊಸ ಹಾಳೆ ತೆಗೆದೆ. 108, ಕೂಡು-ಕಳೆ 4. ಮಿತಿ ಮೀರಿದೆ. ಸಹಿ ಮಾಡಿ ಮೊಹರು ಒತ್ತಿದೆ. ಹನ್ನೆರಡರ ಹಾಳೆಗೆ ಅಡ್ಡಗೆರೆ ಎಳೆದು, ರದ್ದು ಎಂದು ಬರೆದು ಫೈಲಿಗೆ ಸೇರಿಸಿದೆ, ಹರಿಯಲಿಲ್ಲ.

ಬೈರಪ್ಪನವರು ರಿಪೋರ್ಟನ್ನು ಕಣ್ಣಿಗೆ ಹತ್ತಿರ ಹಿಡಿದರು. “ನೂರೆಂಟು ಸರಿ. ಈ ನಾಕು ಯಾಕ್ ತಾಯಿ ಇಲ್ಲಿ ಕುಂತೈತೆ? ಅವರು ಇದನ್ನೇ ಇಡ್ಕಂಡು ಜಗಳ ತೆಗೀತಾರೆ. ತೆಗೆದಾಕ್ಬುಡಿ.”

“ತೆಗೆದ್ರೆ ನಾನೂ ಅವರ ಹಾಗೇ ಆಗ್ತೀನಿ. ಅಷ್ಟು ಮಾತ್ರ ನನಗೆ ಗೊತ್ತಿಲ್ಲ ಅಂತ ಅದರ ಅರ್ಥ. ಅದನ್ನ ಪೂರ್ತಿ ಅವರಿಗೇ ಬಿಟ್ಟುಕೊಟ್ಟರೂ ನೂರನಾಲ್ಕು. ಮಿತಿ ನೂರು.”

ಅವರು ಬೆರಳು ಮಡಿಸಿ ಕಳೆದು ನೋಡಿದರು. “ಹಂಗಾದ್ರೆ ಇರ್ಲಿ,” ಅಂದು ರಿಪೋರ್ಟನ್ನು ಚೀಲದೊಳಗೆ ಇಟ್ಟುಕೊಂಡರು. “ದೂರು ಕೊಟ್ಟಿರೋ ಆಪೀಸ್ನಾಗೆ ಇದನ್ನ ಕೇಳಿದ್ರೆ ನಂಗೆ ಹೇಳಕ್ ಬರಾಕಿಲ್ಲ. ನೀವು ಬತ್ತೀರಾ?”

ಬ್ಯಾಲೆನ್ಸಿನ ಬಾಗಿಲ ಕಡೆ ನೋಡಿದೆ, ಅಭ್ಯಾಸಬಲ. ಆಮೇಲೆ ಹತ್ತು ತೂಕ ಬರೆದ ಹಾಳೆಯ ನಕಲು ತೆಗೆದು, ಅದರ ಹಿಂದೆ ನನ್ನ ಫೋನ್ ನಂಬರು ಬರೆದು ಕೊಟ್ಟೆ. ಲಾರಿ ಹೋದಾಗಿನ ನಾಲ್ಕನೆಯ ಅಂಕಿಯೂ ಅದರಲ್ಲಿತ್ತು.