ಬಿಟ್ಟಿ ರಿಪೇರಿ

ನಮ್ಮ ಯಜಮಾನರು ಮೊಬೈಲ್ ರಿಪೇರಿ ಮಾಡುತ್ತಾರೆ. ಊರಿನವರ ಸತ್ತ ಫೋನುಗಳೆಲ್ಲ ಅವರ ಕೈಯಲ್ಲಿ ಎದ್ದು ಕೂರುತ್ತವೆ. ನನ್ನ ಮಿಕ್ಸಿ ಮಾತ್ರ ಕಪಾಟಿನ ಮೇಲೆ ಹೊಟ್ಟೆ ಬಿಚ್ಚಿಕೊಂಡು ಬಿದ್ದಿದೆ, ಪಕ್ಕದಲ್ಲಿ ಇಸ್ತ್ರಿಪೆಟ್ಟಿಗೆ. ಕೇಳಿದರೆ “ನಾಳೆ ನೋಡ್ತೀನಿ” ಅನ್ನುತ್ತಾರೆ. ಸಾಕಾಗಿ ಕೇಳುವುದನ್ನೇ ಬಿಟ್ಟಿದ್ದೇನೆ.

ನಾನು ಮನೆಮನೆಗೆ ಹೋಗಿ ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವವಳು. ಇಷ್ಟು ದಿನ ಗುಂಡಿ ಒತ್ತುವ ಫೋನೇ ಸಾಕಿತ್ತು. ಇನ್ನು ಮುಂದೆ ಕೆಲಸ ಬರುವುದು ಆ್ಯಪಿನಲ್ಲಂತೆ. ಬಂದ ಕೂಡಲೇ ಒಪ್ಪಿಕೊಳ್ಳಬೇಕು, ತಡವಾದರೆ ಇನ್ನೊಬ್ಬಳ ಪಾಲು. ಫೋನ್ ಕೆಟ್ಟು ಕೂತರೆ ಅನ್ನಕ್ಕೇ ಕಲ್ಲು.

ಸಂಜೆ ಅವರ ಅಂಗಡಿಗೆ ಹೋದೆ.

“ಐಫೋನೇ ತಗೊಳ್ಳೋಣ ಅಂತಿದ್ದೀನಿ ರೀ. ನಾನು ನೋಡ್ಕೊಳ್ಳೋ ಅಜ್ಜಿ ಸೊಸೆ ಆರು ವರ್ಷದಿಂದ ಒಂದನ್ನೇ ಇಟ್ಕೊಂಡಿದ್ದಾಳೆ.”

ಅವರು ಕೈಯಲ್ಲಿದ್ದ ಫೋನಿನಿಂದ ತಲೆ ಎತ್ತಲಿಲ್ಲ. “ಬಾಳಿಕೆ ಬರುತ್ತೆ, ಇಲ್ಲ ಅನ್ನಲ್ಲ. ಅಪ್‌ಡೇಟೂ ವರ್ಷಗಟ್ಟಲೆ ಬರುತ್ತೆ, ಮಾರಿದ್ರೂ ಒಳ್ಳೆ ಬೆಲೆ. ಆದ್ರೆ ಕೈಜಾರಿ ಬಿತ್ತು ಅನ್ಕೋ, ಅದರ ಡಿಸ್‌ಪ್ಲೇ ದುಡ್ಡಿಗೆ ಒಂದು ಸಾದಾ ಆಂಡ್ರಾಯ್ಡೇ ಬರುತ್ತೆ. ಹೊರಗಿನ ಪಾರ್ಟ್ ಹಾಕಿದ್ರೆ ಅಸಲಿ ಅಲ್ಲ ಅಂತ ಫೋನೇ ಚಾಡಿ ಹೇಳುತ್ತೆ. ಕಂಪನಿ ಸರ್ವಿಸ್ ಸೆಂಟರಿಗೆ ಬಸ್ ಹತ್ಬೇಕು.”

“ಆಂಡ್ರಾಯ್ಡಾದ್ರೆ?”

“ತೀರಾ ಅಗ್ಗದ್ದು ಬೇಡ. ಎರಡು ಮೂರು ವರ್ಷಕ್ಕೆ ಅಪ್‌ಡೇಟ್ ನಿಲ್ಲುತ್ತೆ, ಆಮೇಲೆ ಒಂದೊಂದೇ ಆ್ಯಪ್ ಕೈ ಕೊಡುತ್ತೆ. ಐದಾರು ವರ್ಷ ಅಪ್‌ಡೇಟ್ ಕೊಡ್ತೀವಿ ಅಂತಾರಲ್ಲ, ಅಂಥ ಮಧ್ಯಮ ಬೆಲೆದು ತಗೋ. ಹೆಚ್ಚು ಜನ ಇಟ್ಕೊಂಡಿರೋ ಮಾಡೆಲ್ಲೇ ಇರ್ಲಿ. ಬ್ಯಾಟರಿ, ಡಿಸ್‌ಪ್ಲೇ ಎಲ್ಲಾ ಕಡೆ ಸಿಗುತ್ತೆ, ಯಾರು ಬೇಕಾದ್ರೂ ಹಾಕ್ತಾರೆ. ನಿಂಗಂತೂ ರಿಪೇರಿ ಬಿಟ್ಟಿ. ನಾನಿಲ್ವೇನೇ?”

ಬಿಟ್ಟಿ ಅಂದದ್ದಕ್ಕೆ ಮೈಯೆಲ್ಲ ಉರಿಯಿತು. ಆದರೆ ಬೆಳಗಿನಿಂದ ಅಜ್ಜಿಯನ್ನು ಎತ್ತಿ ಮಲಗಿಸಿ ಸೊಂಟ ಬಿದ್ದುಹೋಗಿತ್ತು, ಜಗಳಕ್ಕೂ ತ್ರಾಣವಿರಲಿಲ್ಲ. ಅಲ್ಲದೆ ಅವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಅವರು ತೋರಿಸಿದ ಮಾಡೆಲ್ಲನ್ನೇ ಕೊಂಡೆ.

ಕೆಲವು ತಿಂಗಳು ಚೆನ್ನಾಗಿಯೇ ನಡೆಯಿತು. ಒಂದು ಬೆಳಿಗ್ಗೆ ಅಜ್ಜಿಯನ್ನು ಎತ್ತುವಾಗ ಫೋನ್ ಜೇಬಿನಿಂದ ಜಾರಿ ನೆಲಕ್ಕೆ ಬಿತ್ತು. ಪರದೆ ಕಪ್ಪಾಯಿತು. ಒಳಗೆ ಯಾವುದೋ ಮನೆಯ ಕೆಲಸ ಬಂದ ಸದ್ದಾಗುತ್ತಿತ್ತು, ಒಪ್ಪಿಕೊಳ್ಳಲು ಒತ್ತುವುದೆಲ್ಲಿ? ಅಳುವೇ ಬಂತು.

ಕೆಲಸ ಮುಗಿಸಿ ಮಧ್ಯಾಹ್ನ ಪೇಟೆಗೆ ಹೋದೆ. ರಸ್ತೆಯ ಈ ಬದಿಗೆ ನಮ್ಮವರ ಅಂಗಡಿ, ಆ ಬದಿಗೆ ಇನ್ನೊಬ್ಬ ರಿಪೇರಿಯವನದು. ಸ್ವಲ್ಪ ಹೊತ್ತು ನಿಂತೆ. ಆಮೇಲೆ ರಸ್ತೆ ದಾಟಿದೆ.

ಅವನು ತಬ್ಬಿಬ್ಬಾದ. “ಅಕ್ಕಾ, ಎದುರಿಗೇ ಅಣ್ಣನ ಅಂಗಡಿ ಇದೆಯಲ್ಲ?”

“ಅಲ್ಲಿ ಬಿಟ್ಟಿ ಕಣಪ್ಪಾ. ನಂಗೆ ಸಂಜೆಯೊಳಗೆ ಬೇಕು.”

ಅವನು ಫೋನ್ ತೆಗೆದುಕೊಂಡ. ಹೊರಗೆ ಬಂದರೆ ಯಜಮಾನರು ಸ್ಕ್ರೂಡ್ರೈವರ್ ಹಿಡಿದುಕೊಂಡೇ ನಡುರಸ್ತೆಗೆ ಬಂದಿದ್ದರು.

“ನಾನಿರುವಾಗ ಅಲ್ಲಿಗ್ಯಾಕೆ ಕೊಟ್ಟೆ? ಮಾನ ಹರಾಜು ಹಾಕ್ತೀಯಾ?”

“ಡಿಸ್‌ಪ್ಲೇ ಯಾರು ಬೇಕಾದ್ರೂ ಹಾಕ್ತಾರೆ ಅಂತ ನೀವೇ ಹೇಳಿದ್ರಲ್ಲ” ಅಂದೆ. “ಅದಕ್ಕೇ ರೀ ನಾನು ಆ ಫೋನ್ ತಗೊಂಡಿದ್ದು.”